ಮರಿಯಮ್ಮನ ಕೈಯ ಪ್ರಸಾದದ ತಟ್ಟೆ

ಬಳ್ಳಾರಿ ಕಡೆಯ ಹುಡುಗಿ, ಕನ್ನಡ ಎಂ.ಎ. ಮುಗಿಸಿದವಳು. ವಿದೇಶದಲ್ಲಿ ಧರ್ಮಾಧ್ಯಯನ ಮಾಡಲು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವವಳಿದ್ದಳು. ಅರ್ಜಿಯ ಜೊತೆಗೆ ಕಳಿಸಬೇಕಾದ ಎಸ್‌ಒಪಿ, ಅಂದರೆ ‘ನಾನು ಏನು ಓದಬೇಕೆಂದಿದ್ದೇನೆ, ಯಾಕೆ’ ಎಂದು ಹೇಳುವ ಬರಹವನ್ನು ತಿದ್ದಿಕೊಡಿ ಎಂದು ನನ್ನ ಮುಂದೆ ಎರಡು ಹಾಳೆ ಇಟ್ಟಳು.

ಭಾರತ ಸರ್ವಧರ್ಮಗಳ ತವರು ಎಂದು ಶುರುವಾಗಿತ್ತು. ಆಮೇಲೆ ಚಿಕ್ಕಂದಿನಿಂದ ಅಧ್ಯಾತ್ಮದಲ್ಲಿದ್ದ ಆಸಕ್ತಿ, ಬಸವಣ್ಣನವರ ಸಮಾನತೆ, ಕೊನೆಗೆ ವಿಶ್ವಶಾಂತಿ. ಇಂಗ್ಲಿಷು ಚೊಕ್ಕವಾಗಿತ್ತು. ಆದರೆ ಮೇಲಿನ ಹೆಸರು ಅಳಿಸಿ ಬೇರೆ ಯಾರ ಹೆಸರು ಬರೆದರೂ ನಡೆಯುತ್ತಿತ್ತು. ಇಂಥದ್ದನ್ನು ಓದುವವರ ಮೇಜಿನ ಮೇಲೆ ಇದೇ ಧಾಟಿಯ ಅರ್ಜಿಗಳ ರಾಶಿಯೇ ಇರುತ್ತದೆ. ಅವರಿಗೆ ಬೇಕಾದ್ದು ಅರ್ಜಿದಾರರ ಭಕ್ತಿಯೋ ಸದ್ಭಾವನೆಯೋ ಅಲ್ಲ. ಒಂದು ಪ್ರಶ್ನೆ ಬೇಕು, ಅದನ್ನು ಹಿಡಿದು ವರ್ಷವಿಡೀ ಕೂತು ಓದಬಲ್ಲರು ಎಂಬ ಗುರುತು ಬೇಕು.

ಹಾಳೆ ಮಡಚಿಟ್ಟು, “ದೇವರು-ಧರ್ಮದ ವಿಷಯದಲ್ಲಿ ನಿನಗೆ ಯಾವತ್ತಾದರೂ ಏನಾದರೂ ಅರ್ಥವಾಗದೆ ತಲೆ ಕೆಟ್ಟಿದ್ದುಂಟಾ?” ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕಳು. “ಕಾನ್ವೆಂಟ್‌ನಾಗ ದಿನಾ ಪ್ರಾರ್ಥನೆ ಹೇಳಿಸ್ತಿದ್ರು ಸರ್. ಅದ್ರಾಗ ವರಪ್ರಸಾದ ಅಂತ ಬರ್ತಿತ್ತು. ನಾನು ಮರಿಯಮ್ಮನ ಕೈಯಾಗ ಪ್ರಸಾದದ ತಟ್ಟಿ ಐತಿ ಅಂದ್ಕೊಂಡಿದ್ದೆ. ನಮ್ಮ ಮನ್ಯಾಗ ಪ್ರಸಾದ ಅಂದ್ರ ಅದೇ ಅಲ್ರಿ?”

ಎರಡು ಹಾಳೆಯಲ್ಲಿ ಇಲ್ಲದ್ದು ಈ ಮಾತಿನಲ್ಲಿತ್ತು. ಅವಳದು ಲಿಂಗಾಯತ ಮನೆ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿ ಸ್ಥಲ. ಅಲ್ಲಿ ಪ್ರಸಾದವೆಂದರೆ ತಟ್ಟೆಯ ಅನ್ನವೂ ಹೌದು, ಅದನ್ನು ಪಡೆಯುವ ಮನಸ್ಸಿನ ಸ್ಥಿತಿಯೂ ಹೌದು. ಕನ್ನಡ ಕ್ಯಾಥೊಲಿಕರ ವರಪ್ರಸಾದದ ಬೆನ್ನಿಗಿರುವುದು ಲ್ಯಾಟಿನ್ನಿನ ‘ಗ್ರಾತಿಯಾ’, ಅದಕ್ಕೂ ಹಿಂದೆ ಗ್ರೀಕ್ ಬೈಬಲಿನ ‘ಖಾರಿಸ್’: ಗಳಿಸದೆ ಸಿಗುವ ದೇವರ ಅನುಗ್ರಹ. ಅದೇ ಊರಿನ ಪ್ರಾಟೆಸ್ಟಂಟ್ ಚರ್ಚಿಗೆ ಹೋದರೆ ಅದೇ ಗ್ರೀಕ್ ಪದಕ್ಕೆ ‘ಕೃಪೆ’ ಎನ್ನುತ್ತಾರೆ. ಕೃಪೆಯಾದರೂ ಹೊಸದೇ? ವಚನಕಾರರೂ ಹರಿದಾಸರೂ ಬಳಸಿದ ಮಾತು. ಹೀಗೆ ಒಂದು ಗ್ರೀಕ್ ಪದ ಕನ್ನಡಕ್ಕೆ ಎರಡು ಬಾಗಿಲಿನಿಂದ ಬಂತು. ಎರಡೂ ಬಾಗಿಲ ಒಳಗೆ ಆಗಲೇ ಯಾರೋ ಮನೆ ಮಾಡಿಕೊಂಡಿದ್ದರು. ಅನುವಾದಿಸಿದವರು ಯಾವ ಪದ ಯಾಕೆ ಆರಿಸಿದರು, ಆರಿಸಿದ ಮೇಲೆ ಆ ಪದ ಅವರ ಮಾತು ಕೇಳಿತೇ? ಇದು ಪ್ರಶ್ನೆ. ಬಳ್ಳಾರಿಯವಳಿಗೆ ಇದು ಮನೆಬಾಗಿಲ ಪ್ರಶ್ನೆಯೂ ಹೌದು: ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 19ನೇ ಶತಮಾನದ ಆರಂಭದಲ್ಲಿ ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಮಾಡಿದ್ದು ಅಲ್ಲೇ.

ಎರಡನೇ ಕರಡು ಮರಿಯಮ್ಮನ ತಟ್ಟೆಯಿಂದಲೇ ಶುರುವಾಯಿತು. ಆದರೆ ಬಾಲ್ಯದ ನೆನಪೇ ಅರ್ಧ ಪುಟ ತಿಂದಿತ್ತು. ಎಸ್‌ಒಪಿಗೆ ಸಾಮಾನ್ಯವಾಗಿ ಸಿಗುವುದು 500ರಿಂದ 1000 ಪದ. ನೆನಪಿಗೆ ಮೂರು ವಾಕ್ಯ ಸಾಕು ಎಂದೆ. ಉಳಿದ ಜಾಗದಲ್ಲಿ ಅವಳು ಏನು ಓದಿದ್ದಾಳೆ, ಏನು ಓದಿಲ್ಲ ಎನ್ನುವುದು ಬರಬೇಕು.

ಓದಿದ್ದನ್ನೇ ಅವಳು ಮುಚ್ಚಿಟ್ಟಿದ್ದಳು. ಎಂ.ಎ.ಯಲ್ಲಿ ಹರಿಹರನ ರಗಳೆಗಳ ಮೇಲೆ ಬರೆದ ಪ್ರಬಂಧ ಕನ್ನಡದಲ್ಲಿದೆಯೆಂದು ಅದರ ಸುದ್ದಿಯನ್ನೇ ಎತ್ತಿರಲಿಲ್ಲ. ಕನ್ನಡ ಓದಿದವರಲ್ಲಿ ಈ ಹಿಂಜರಿಕೆ ನಾನು ಬಹಳ ಸಲ ಕಂಡಿದ್ದೇನೆ, ಪ್ರತಿ ಸಲವೂ ಸಿಟ್ಟು ಬರುತ್ತದೆ. ಹಳಗನ್ನಡ, ನಡುಗನ್ನಡ ಓದಿ ಅರ್ಥ ಮಾಡಿಕೊಳ್ಳಬಲ್ಲವರು ಅಲ್ಲಿನ ತರಗತಿಯಲ್ಲಿ ಎಷ್ಟು ಜನ ಸಿಕ್ಕಾರು? ಪ್ರಬಂಧದ ಹೆಸರನ್ನು ಇಂಗ್ಲಿಷಿಗೆ ತಿರುಗಿಸಿ, ಎಷ್ಟು ಪುಟ, ಯಾವ ರಗಳೆಗಳು, ಏನು ಕಂಡುಕೊಂಡೆ ಎಂದು ನಾಲ್ಕು ಸಾಲಿನಲ್ಲಿ ಬರೆಸಿದೆ.

ಓದದೇ ಇದ್ದದ್ದು ಗ್ರೀಕ್. “ಗ್ರೀಕ್ ಬರೋದಿಲ್ಲ ಅಂತ ಬರದ್ರ ತಗೊಳ್ತಾರಾ ಸರ್?” ಎಂದಳು. ಬರೆಯದಿದ್ದರೆ ಓದುವವರಿಗೆ ಗೊತ್ತಾಗುವುದಿಲ್ಲವೇ? ಖಾರಿಸ್ ಎಂಬ ಪದದ ಸುತ್ತ ಪ್ರಶ್ನೆ ಕಟ್ಟಿ ಗ್ರೀಕಿನ ಬಗ್ಗೆ ಮೌನವಾದರೆ ಮೊದಲು ಕಾಣುವುದೇ ಆ ತೂತು. ಬರುವುದಿಲ್ಲ, ಮೊದಲ ವರ್ಷ ಬೈಬಲಿನ ಗ್ರೀಕ್ ತರಗತಿಗೆ ಸೇರುತ್ತೇನೆ ಎಂದು ನೇರವಾಗಿ ಬರೆದಳು. ಇನ್ನೊಂದು ಆಸೆಯನ್ನು ಕೈಬಿಡಿಸಬೇಕಾಯಿತು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಪತ್ರ-ವರದಿಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ. ಅವನ್ನೆಲ್ಲ ನೋಡುತ್ತೇನೆ ಎಂದು ಬರೆದಿದ್ದಳು. ಕೈಬರಹದ ಆ ಜರ್ಮನ್ ಕಾಗದಗಳ ಹಳೆಯ ಲಿಪಿಯನ್ನು ಇಂದಿನ ಜರ್ಮನ್ನರೇ ತಡವರಿಸಿ ಓದುತ್ತಾರೆ. ಎರಡು ವರ್ಷದ ಕೋರ್ಸಿನಲ್ಲಿ ಗ್ರೀಕಿನ ಜೊತೆ ಇದೂ ಆಗುವ ಮಾತಲ್ಲ. ಹಾಗಾಗಿ ಅಚ್ಚಾದ ಕನ್ನಡ ಬೈಬಲಿನ ಬೇರೆ ಬೇರೆ ಆವೃತ್ತಿ, ಕ್ಯಾಥೊಲಿಕ್ ಪ್ರಾರ್ಥನಾ ಪುಸ್ತಕ, 1894ರ ಕಿಟೆಲ್ ನಿಘಂಟು, ಇಷ್ಟಕ್ಕೆ ಬೇಲಿ ಹಾಕಿದಳು. ಬೇಲಿ ಬಿದ್ದ ಮೇಲೆ ಪ್ರಶ್ನೆ ನಂಬುವ ಹಾಗಾಯಿತು.

ಕೋರ್ಸನ್ನೂ ತಪ್ಪಾಗಿ ಆರಿಸಿದ್ದಳು. ಅಮೆರಿಕದ ಡಿವಿನಿಟಿ ಶಾಲೆಗಳಲ್ಲಿ ಎಂ.ಡಿವ್. ಎಂಬುದು ಸಾಮಾನ್ಯವಾಗಿ ಮೂರು ವರ್ಷದ ಪದವಿ, ಮುಖ್ಯವಾಗಿ ಪಾದ್ರಿ ಕೆಲಸಕ್ಕೋ ಅಂಥ ಸೇವೆಗೋ ತಯಾರು ಮಾಡುವಂಥದ್ದು. ಅವಳಿಗೆ ಬೇಕಿದ್ದದ್ದು ಎಂ.ಟಿ.ಎಸ್.; ಹಾರ್ವರ್ಡ್‌ನಲ್ಲಿ ಎರಡು ವರ್ಷ. ಬ್ರಿಟನ್ನಿನ ಡರ್ಹಮ್, ಆಕ್ಸ್‌ಫರ್ಡ್‌ಗಳಲ್ಲಿ ವಿಭಾಗದ ಹೆಸರೇ ‘ಥಿಯಾಲಜಿ ಅಂಡ್ ರಿಲಿಜನ್’. ಮೊದಲನೆಯದು ಒಂದು ನಂಬಿಕೆಯ ಒಳಗಿನ ವಿಚಾರವನ್ನು ಅದರ ಮಾತಿನಲ್ಲೇ ಹಿಡಿಯುತ್ತದೆ. ಎರಡನೆಯದು ನಂಬುವವರನ್ನೂ ಅವರ ಆಚರಣೆಯನ್ನೂ ಚರಿತ್ರೆಯನ್ನೂ ಹೊರಗಿನಿಂದ ನೋಡುತ್ತದೆ. ಖಾರಿಸ್ ಎಂದರೇನು ಎನ್ನುವುದು ಮೊದಲಿನ ಕೆಲಸ, ಅದು ಬಳ್ಳಾರಿಯಲ್ಲಿ ಏನಾಯಿತು ಎನ್ನುವುದು ಎರಡನೆಯದರದು. ತನಗೆ ಎರಡೂ ಬೇಕು, ತೂಕ ಎರಡನೆಯದಕ್ಕೆ ಎಂದು ಬರೆದಳು.

ವಿಶ್ವವಿದ್ಯಾಲಯಕ್ಕೆ ಬರೆದದ್ದನ್ನೇ ವಿದ್ಯಾರ್ಥಿವೇತನಕ್ಕೂ ಅಂಟಿಸಬಾರದು. ದುಡ್ಡು ಕೊಡುವವರ ಪ್ರಶ್ನೆಗಳೇ ಬೇರೆ. ಚೀವ್ನಿಂಗ್‌ನವರಿಗೆ ನಾಯಕತ್ವ, ಮುಂದಿನ ವೃತ್ತಿಯ ಯೋಜನೆ ಬೇಕು. ಅರ್ಜಿಗೆ ಮುಂಚೆ ಎರಡು ವರ್ಷದ ಕೆಲಸದ ಅನುಭವ ಬೇಕು. ಓದು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿಗೆ ಮರಳಿರಬೇಕು. ಕಾಮನ್‌ವೆಲ್ತ್‌ನವರು ಅಭಿವೃದ್ಧಿಗೆ ಏನು ಉಪಯೋಗ ಎನ್ನುತ್ತಾರೆ. ಚರ್ಚಿನ ಶಿಫಾರಸು ಪತ್ರ ಕೇಳುವವೂ ಉಂಟು, ಅವು ಇವಳಿಗಲ್ಲ. ಅವಳು ಹಾಕಿದ ಕಡೆಯಲ್ಲಿ ಕೇಳಿದ್ದು: ಇದನ್ನು ನಿಮ್ಮ ದೇಶದಲ್ಲೇ ಯಾಕೆ ಓದಬಾರದು?

ಆ ಪ್ರಶ್ನೆಯನ್ನು ಅದಕ್ಕೆ ಮೊದಲೇ ಅವಳ ತಾಯಿ ಕೇಳಿಯಾಗಿತ್ತು. “ಪ್ರಸಾದ ಅಂದ್ರೇನು ಅಂತ ತಿಳ್ಕೊಳಾಕ ಅಷ್ಟು ದೂರ ಯಾಕ ಹೋಗ್ಬೇಕವ್ವ? ಮಠಕ್ಕ ಹೋಗಿ ಅಪ್ಪಾರನ್ನ ಕೇಳು” ಎಂದಿದ್ದರಂತೆ. ಹುಡುಗಿ ಕೊನೆಯ ಪ್ಯಾರಾದಲ್ಲಿ ತಾಯಿಗೇ ಉತ್ತರ ಬರೆದಳು. ಮಠದಲ್ಲಿ ಪ್ರಸಾದ ತಿಳಿಯುತ್ತದೆ, ಚರ್ಚಿನಲ್ಲಿ ವರಪ್ರಸಾದ ತಿಳಿಯುತ್ತದೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಒಂದೊಂದು ಧರ್ಮಕ್ಕೆ ಒಂದೊಂದು ಪೀಠ ಉಂಟು, ಎರಡನ್ನು ಒಂದೇ ಮೇಜಿನ ಮೇಲಿಟ್ಟು ಗ್ರೀಕನ್ನೂ ಕಲಿಸುವ ವಿಭಾಗ ಅಪರೂಪ. ನನಗೆ ಬೇಕಾದ್ದು ಆ ಮೇಜು ಎಂದು ಬರೆದು ಮುಗಿಸಿದ್ದಳು. ನಾನು ಅದರಲ್ಲಿ ಒಂದು ಕಾಮಾ ಮಾತ್ರ ತೆಗೆದೆ.