ರುಮ್ಯಾಟಿಕ್ ಜ್ವರ ಮರುಕಳಿಸದಂತೆ ಮಕ್ಕಳಿಗೆ ನೀಡುವ ಪೆನ್ಸಿಲಿನ್ ಚುಚ್ಚುಮದ್ದು: ಪ್ರಮಾಣ ಮತ್ತು ಅವಧಿ

ಸ್ಟ್ರೆಪ್ಟೋಕಾಕಸ್ ಎಂಬ ರೋಗಾಣುವಿನಿಂದ ಉಂಟಾಗುವ ಗಂಟಲು ನೋವಿನ ಎರಡು ಮೂರು ವಾರಗಳ ನಂತರ ಕೆಲವು ಮಕ್ಕಳಲ್ಲಿ ರುಮ್ಯಾಟಿಕ್ ಜ್ವರ ಕಾಣಿಸಿಕೊಳ್ಳುತ್ತದೆ. ಒಮ್ಮೆ ಈ ಜ್ವರ ಬಂದ ಮಗುವಿಗೆ ಅದೇ ಸೋಂಕು ಪುನಃ ತಗುಲಿದಲ್ಲಿ ಜ್ವರ ಮರುಕಳಿಸಿ, ಹೃದಯದ ಕವಾಟಗಳಿಗೆ ಶಾಶ್ವತ ಹಾನಿಯಾಗುವ ಸಂಭವವಿರುತ್ತದೆ. ಇದನ್ನು ತಡೆಯಲು ಬೆಂಜಥೀನ್ ಪೆನ್ಸಿಲಿನ್ ಚುಚ್ಚುಮದ್ದನ್ನು ನಿಗದಿತ ಅವಧಿಗೊಮ್ಮೆ ನೀಡಲಾಗುತ್ತದೆ.

ಪ್ರಮಾಣ ಮತ್ತು ಅವಧಿ

ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ 2008ರ ಮಾರ್ಗಸೂಚಿಯನ್ವಯ ಪ್ರಮಾಣವನ್ನು ಮಗುವಿನ ತೂಕದ ಮೇಲೆ ನಿರ್ಧರಿಸಲಾಗುತ್ತದೆ.

• ತೂಕ 27 ಕೆ.ಜಿ.ಗಿಂತ ಕಡಿಮೆ ಇದ್ದಲ್ಲಿ: 6 ಲಕ್ಷ ಯೂನಿಟ್, 15 ದಿನಗಳಿಗೊಮ್ಮೆ.
• ತೂಕ 27 ಕೆ.ಜಿ.ಗಿಂತ ಹೆಚ್ಚು ಇದ್ದಲ್ಲಿ: 12 ಲಕ್ಷ ಯೂನಿಟ್, 21 ದಿನಗಳಿಗೊಮ್ಮೆ.

ಇತರ ಮಾರ್ಗಸೂಚಿಗಳಲ್ಲಿ ತೂಕದ ಮಿತಿ ಹಾಗೂ ಅವಧಿ ಭಿನ್ನವಾಗಿರಬಹುದು. ಆದ್ದರಿಂದ ಚಿಕಿತ್ಸೆ ನೀಡುವ ವೈದ್ಯರು ಚೀಟಿಯಲ್ಲಿ ನಮೂದಿಸಿದ ಪ್ರಮಾಣವನ್ನೇ ಪಾಲಿಸತಕ್ಕದ್ದು.

ಅವಧಿಯ ಮಹತ್ವ

ಈ ಔಷಧವು ಸ್ನಾಯುವಿನಲ್ಲಿ ಉಳಿದು ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ದಿನ ಕಳೆದಂತೆ ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ. 15 ದಿನಗಳಿಗೊಮ್ಮೆ ಪಡೆಯಬೇಕಾದ ಚುಚ್ಚುಮದ್ದನ್ನು "ತಿಂಗಳಿಗೊಂದು" ಎಂದು ಭಾವಿಸಿ ಪಡೆದಲ್ಲಿ, ಪ್ರತಿ ತಿಂಗಳ ಉತ್ತರಾರ್ಧದಲ್ಲಿ ಮಗುವಿಗೆ ಸಾಕಷ್ಟು ರಕ್ಷಣೆ ಇರುವುದಿಲ್ಲ. ಮಗು ಆರೋಗ್ಯವಾಗಿ ಕಂಡುಬರುವುದರಿಂದ ಈ ಕೊರತೆಯು ಪೋಷಕರ ಗಮನಕ್ಕೆ ಬರುವುದಿಲ್ಲ. ಚೀಟಿಯಲ್ಲಿರುವ ದಿನಾಂಕಗಳನ್ನು ಎಣಿಸಿ ನೋಡುವುದೊಂದೇ ಇದನ್ನು ತಿಳಿಯುವ ಸುಲಭ ಮಾರ್ಗ.

ಉದಾಹರಣೆ

26 ಕೆ.ಜಿ. ತೂಕದ ಬಾಲಕಿಗೆ ಜೂನ್ 3ರಂದು 6 ಲಕ್ಷ ಯೂನಿಟ್ ನೀಡಲಾಗಿದೆ ಎಂದು ಭಾವಿಸೋಣ. ಮುಂದಿನ ದಿನಾಂಕಗಳು ಜೂನ್ 18 ಮತ್ತು ಜುಲೈ 3. ಜುಲೈ 3ರಂದು ತೂಕ 28 ಕೆ.ಜಿ. ಆಗಿದ್ದಲ್ಲಿ, ವೈದ್ಯರು ಅಂದೇ ಪ್ರಮಾಣವನ್ನು 12 ಲಕ್ಷಕ್ಕೆ ಏರಿಸುತ್ತಾರೆ. ನಂತರದ ದಿನಾಂಕ ಜುಲೈ 24 ಆಗುತ್ತದೆ. ತೂಕ ನೋಡದೆ ಅವಧಿಯನ್ನು ಮಾತ್ರ 21 ದಿನಕ್ಕೆ ಬದಲಿಸಿದಲ್ಲಿ ಮಗುವಿಗೆ ದೊರೆಯುವ ಔಷಧ ಕಡಿಮೆಯಾಗುತ್ತದೆ. ಆದಕಾರಣ ಪ್ರತಿ ಭೇಟಿಯಲ್ಲಿಯೂ ತೂಕ ನೋಡಿಸಿ, ಚೀಟಿಯಲ್ಲಿ ಬರೆಸಿಕೊಳ್ಳುವುದು.

ದಿನಾಂಕ ತಪ್ಪಿದಲ್ಲಿ

ತಡಮಾಡದೆ ಚುಚ್ಚುಮದ್ದು ಪಡೆದು, ಆ ದಿನದಿಂದ ಮುಂದಿನ ಅವಧಿಯನ್ನು ಎಣಿಸತಕ್ಕದ್ದು. ತಪ್ಪಿದ ಪ್ರಮಾಣವನ್ನು ಸೇರಿಸಿ ಇಮ್ಮಡಿ ಪಡೆಯಬಾರದು.

ಎಚ್ಚರಿಕೆಗಳು

ಈ ಔಷಧವನ್ನು ಸ್ನಾಯುವಿನ ಆಳಕ್ಕೆ ಮಾತ್ರ ನೀಡಲಾಗುತ್ತದೆ. ರಕ್ತನಾಳಕ್ಕೆ ನೀಡಿದಲ್ಲಿ ಪ್ರಾಣಾಪಾಯವಿದೆ. ಮಗುವಿಗೆ ಹಿಂದೆ ಪೆನ್ಸಿಲಿನ್‌ನಿಂದ ದದ್ದು, ಮುಖದ ಊತ ಅಥವಾ ಉಸಿರಾಟದ ತೊಂದರೆ ಆಗಿದ್ದಲ್ಲಿ ಮೊದಲೇ ತಿಳಿಸತಕ್ಕದ್ದು. ಅಂತಹ ಮಕ್ಕಳಿಗೆ ವೈದ್ಯರು ಎರಿಥ್ರೋಮೈಸಿನ್‌ನಂತಹ ಬದಲಿ ಔಷಧ ಸೂಚಿಸುತ್ತಾರೆ. ಹೃದಯ ಕವಾಟದ ತೀವ್ರ ಕಾಯಿಲೆಯಿರುವ ಮಕ್ಕಳಿಗೆ ಚುಚ್ಚುಮದ್ದು ಸೂಕ್ತವೇ ಎಂಬುದನ್ನು ಹೃದ್ರೋಗ ತಜ್ಞರು ನಿರ್ಧರಿಸುತ್ತಾರೆ. ಚುಚ್ಚುಮದ್ದಿನ ನಂತರ ಅರ್ಧ ಗಂಟೆ ಆಸ್ಪತ್ರೆಯಲ್ಲಿಯೇ ಇರುವುದು.

ಹೃದಯಕ್ಕೆ ತೊಂದರೆಯಾಗದ ಮಕ್ಕಳಿಗೂ ಇದೇ ಮಾರ್ಗಸೂಚಿಯಂತೆ ಕೊನೆಯ ಜ್ವರದಿಂದ 5 ವರ್ಷ ಅಥವಾ 18 ವರ್ಷ ತುಂಬುವವರೆಗೆ, ಇವೆರಡರಲ್ಲಿ ಯಾವುದು ದೀರ್ಘವೋ ಅಲ್ಲಿಯವರೆಗೆ, ಚುಚ್ಚುಮದ್ದು ಮುಂದುವರಿಯುತ್ತದೆ. ಹೃದಯಕ್ಕೆ ಹಾನಿಯಾಗಿದ್ದಲ್ಲಿ ಈ ಅವಧಿ ಇನ್ನೂ ಹೆಚ್ಚಾಗಿರುತ್ತದೆ. ವೈದ್ಯರ ಸೂಚನೆಯಿಲ್ಲದೆ ಇದನ್ನು ನಿಲ್ಲಿಸಬಾರದು.