ಅಜ್ಜಿಯ ಕಣ್ಣಳತೆ, ಪುಸ್ತಕದ ಅಳತೆ

ಮೂಲಭೂತವಾದವೆಂದರೆ ಹಿರಿಯರ ದಾರಿಗೆ ಮರಳುವುದು ಎಂದು ಅದರ ಬೆಂಬಲಿಗರೂ ಹೇಳುತ್ತಾರೆ, ವಿರೋಧಿಗಳೂ ಹೇಳುತ್ತಾರೆ. ಇಬ್ಬರ ಮಾತೂ ಸರಿಯಲ್ಲ ಎಂದು ತಿಳಿದುಬಂದ ಕತೆಯಲ್ಲಿ ಒಂದು ಚೂರು ರೊಟ್ಟಿಗೂ ಒಂದು ಬಟ್ಟಲು ದ್ರಾಕ್ಷಾರಸಕ್ಕೂ ಪಾಲಿದೆ.

1980ರ ದಶಕದ ಕೊನೆಯಲ್ಲಿ ಅಮೆರಿಕದ ಷಿಕಾಗೊದಲ್ಲಿ ಮಾರ್ಟಿನ್ ಮಾರ್ಟಿ ಮತ್ತು ಸ್ಕಾಟ್ ಆ್ಯಪಲ್‌ಬಿ ಎಂಬ ಧರ್ಮಗಳ ಇತಿಹಾಸಕಾರರು ಜಗತ್ತಿನ ಮೂಲಭೂತವಾದಿ ಚಳವಳಿಗಳನ್ನು ಒಟ್ಟಿಗೆ ಇಟ್ಟು ನೋಡುವ ಯೋಜನೆಯೊಂದನ್ನು ಕೈಗೆತ್ತಿಕೊಂಡರು. ಅದು ಐದು ಸಂಪುಟಗಳಾಗಿ ಹೊರಬಂತು. ಅದಕ್ಕೆ ಬರೆದವರಲ್ಲಿ ಹಾಯಿಮ್ ಸೊಲೊವೈಚಿಕ್ ಒಬ್ಬರು. ಮಧ್ಯಯುಗದ ಯಹೂದಿ ಧರ್ಮಶಾಸ್ತ್ರದ ಇತಿಹಾಸಕಾರರಾದ ಅವರು ರಬ್ಬಿಗಳ ಮನೆತನದಲ್ಲೇ ಬೆಳೆದವರು. ತಮ್ಮ ಆಯುಷ್ಯದಲ್ಲೇ ಸುತ್ತಲಿನ ಸಂಪ್ರದಾಯಸ್ಥರ ನಡೆ ಬದಲಾದದ್ದು ಅವರ ಕಣ್ಣಿಗೆ ಬಿದ್ದಿತ್ತು. 1994ರಲ್ಲಿ ಪ್ರಕಟವಾದ ಅವರ ಪ್ರಬಂಧ ಆ ಬದಲಾವಣೆಯ ಬೆನ್ನು ಹತ್ತಿತು.

ಪೆಸಾಖ್ ಹಬ್ಬದ ರಾತ್ರಿ ಯಹೂದಿಗಳು ಹುದುಗು ಬರಿಸದ ರೊಟ್ಟಿಯನ್ನು ಕನಿಷ್ಠ ಒಂದು ಆಲಿವ್ ಕಾಯಿಯಷ್ಟಾದರೂ ತಿನ್ನಬೇಕು. ಪ್ರಾರ್ಥನೆಯ ಬಟ್ಟಲಿನಲ್ಲಿ ಒಂದೂವರೆ ಮೊಟ್ಟೆ ಹಿಡಿಯುವಷ್ಟು ದ್ರಾಕ್ಷಾರಸ ಇರಬೇಕು. ಎಷ್ಟೋ ತಲೆಮಾರುಗಳ ಕಾಲ ಇದನ್ನು ಯಾರೂ ಅಳೆಯಲಿಲ್ಲ. ಅಪ್ಪ ಮುರಿದು ಕೊಟ್ಟ ಚೂರೇ ಅಳತೆ, ಅಜ್ಜನ ಬಟ್ಟಲೇ ಪ್ರಮಾಣ. ನಮ್ಮ ಅಜ್ಜಿಯಂದಿರು ಕಣ್ಣಳತೆಯಲ್ಲೇ ಉಪ್ಪು ಹಾಕುತ್ತಿದ್ದ ಹಾಗೆ.

18ನೆಯ ಶತಮಾನದಲ್ಲಿ ಪ್ರಾಗ್ ನಗರದ ರಬ್ಬಿ ಯೆಹೆಜ್ಕೇಲ್ ಲಾಂಡೌ ಒಂದು ಲೆಕ್ಕ ಹಾಕಿ ನೋಡಿದರು. ಶಾಸ್ತ್ರದ ಒಂದೇ ಪರಿಮಾಣವನ್ನು ಹೆಬ್ಬೆರಳಿನಿಂದಲೂ ಮೊಟ್ಟೆಯಿಂದಲೂ ಅಳೆದಾಗ ಎರಡೂ ತಾಳೆಯಾಗಲಿಲ್ಲ. ಮನುಷ್ಯರ ಬೆರಳು ಹಿಂದಿಗಿಂತ ದಪ್ಪವಾಗಿರಲಾರದು, ಆದ್ದರಿಂದ ಮೊಟ್ಟೆಯೇ ಅರ್ಧಕ್ಕೆ ಕುಗ್ಗಿದೆ ಎಂದು ಅವರು ತೀರ್ಮಾನಿಸಿದರು. ಹಾಗಾದರೆ ಅಳತೆ ಇಮ್ಮಡಿಯಾಗಬೇಕು. ವಾದ ಪುಸ್ತಕದಲ್ಲಿ ಉಳಿಯಿತು; ಬಹುಪಾಲು ಮನೆಗಳ ಬಟ್ಟಲು ಮಾತ್ರ ಬದಲಾಗಲಿಲ್ಲ. ಹಿರಿಯರು ತಪ್ಪು ಮಾಡಿರಲಾರರು ಎಂಬ ಭರವಸೆ ಅಷ್ಟು ಗಟ್ಟಿಯಾಗಿತ್ತು.

20ನೆಯ ಶತಮಾನದಲ್ಲಿ, ಇಂದಿನ ಇಸ್ರೇಲಿನ ಬ್ನೇ ಬ್ರಾಕ್‌ನಲ್ಲಿ ನೆಲೆಸಿದ್ದ ‘ಹಜೋನ್ ಇಷ್’ ಎಂಬ ರಬ್ಬಿ ಅದೇ ವಾದವನ್ನು ಎತ್ತಿಹಿಡಿದಾಗ ಜನ ಒಪ್ಪಿ ನಡೆದರು. ಬಟ್ಟಲಿನ ಕನಿಷ್ಠ ಅಳತೆ ಇನ್ನೊಂದು ಲೆಕ್ಕದಲ್ಲಿ ಸುಮಾರು 86 ಮಿಲಿಲೀಟರ್ ಆಗಿದ್ದರೆ ಇವರ ಲೆಕ್ಕದಲ್ಲಿ ಸುಮಾರು 150. ಮೊಮ್ಮಗ ಅಜ್ಜನ ಬಟ್ಟಲನ್ನು ಕಪಾಟಿನಲ್ಲಿಟ್ಟು ದೊಡ್ಡದನ್ನು ಕೊಂಡ.

ಶತಮಾನಕ್ಕೂ ಹೆಚ್ಚು ಕಾಲ ಮಲಗಿದ್ದ ವಾದ ಆಗಲೇ ಎದ್ದು ನಿಂತದ್ದೇಕೆ? ಸೊಲೊವೈಚಿಕ್ ಕಂಡುಕೊಂಡ ಉತ್ತರ ಇದು: ವಲಸೆ, ನಗರದ ಬದುಕು, ನಾಜಿಗಳ ನರಮೇಧ ಸೇರಿ ಪೂರ್ವ ಯೂರೋಪಿನ ಯಹೂದಿ ಊರುಗಳನ್ನು ಅಳಿಸಿಹಾಕಿದ್ದವು. ನೋಡಿ ಕಲಿಯುವ ಸರಪಳಿ ಕಡಿದುಹೋಗಿತ್ತು. ಸಂಪ್ರದಾಯ ಕೈಗೆ ಸಿಗದವರು ಪುಸ್ತಕ ಹಿಡಿದರು. ಪುಸ್ತಕ ಅಜ್ಜಿಗಿಂತ ಕಟ್ಟುನಿಟ್ಟು.

ಬೇರೆ ಕಡೆಗಳಲ್ಲೂ ಇಂಥದೇ ಹೊಸತನ ಬೆಳಕಿಗೆ ಬಂತು. ಅಮೆರಿಕದ ಪ್ರಾಟೆಸ್ಟಂಟ್ ಮೂಲಭೂತವಾದಕ್ಕೆ ಹೆಸರು ಕೊಟ್ಟದ್ದು 1910ರಿಂದ 1915ರವರೆಗೆ ಹೊರಬಂದ 12 ಪುಸ್ತಿಕೆಗಳು. ಅವುಗಳಿಗೆ ಬರೆದವರಲ್ಲಿ ಜೇಮ್ಸ್ ಆರ್, ಜಾರ್ಜ್ ಫ್ರೆಡರಿಕ್ ರೈಟ್ ಅವರಂಥವರು ಭೂಮಿ ಬಹು ಪುರಾತನವೆಂದು ಒಪ್ಪಿದ್ದರು. ಭೂಮಿಗೆ ಕೆಲವೇ ಸಾವಿರ ವರ್ಷ, ಪದರಗಲ್ಲುಗಳೆಲ್ಲ ಒಂದೇ ಪ್ರಳಯದ ಗುರುತು ಎಂಬ ಮಾತು ಆ ವಲಯದಲ್ಲಿ ವ್ಯಾಪಕವಾದದ್ದು 1961ರಲ್ಲಿ ವಿಟ್‌ಕಂಬ್ ಮತ್ತು ಮಾರಿಸ್ ಬರೆದ ಪುಸ್ತಕದ ನಂತರ. ಹಿಂದಿನವರಿಗಿಂತ ಮುಂದಿನವರೇ ಹೆಚ್ಚು ಬಿಗಿಯಾದರು. ವಿಜ್ಞಾನವನ್ನು ಎದುರಿಸಲು ವಿಜ್ಞಾನದ ಭಾಷೆಯನ್ನೇ ತೊಟ್ಟರು ಎಂಬುದನ್ನು ಇತಿಹಾಸಕಾರ ರೊನಾಲ್ಡ್ ನಂಬರ್ಸ್ ಬಿಡಿಸಿ ತೋರಿಸಿದರು.

ಇರಾನಿನಲ್ಲಿ ಹೊಸತನ ಅಧಿಕಾರದ ರೂಪದಲ್ಲಿತ್ತು. ಧರ್ಮಗುರುವೇ ರಾಜ್ಯವಾಳಬೇಕೆಂದು ಆಯತೊಲ್ಲಾ ಖೊಮೇನಿ 1970ರಲ್ಲಿ ನಜಫ್‌ನಲ್ಲಿ ಉಪನ್ಯಾಸ ಮಾಡಿದಾಗ, ಅದೇ ನಗರದ ಹಿರಿಯ ಶಿಯಾ ವಿದ್ವಾಂಸ ಖೋಯಿ ಅಂಥ ಅಧಿಕಾರವನ್ನು ಒಪ್ಪಲಿಲ್ಲ. ಕ್ರಾಂತಿಯ ಬಳಿಕ ಬಂದದ್ದು ಸಂವಿಧಾನ, ಸಂಸತ್ತು, ಅಧ್ಯಕ್ಷ ಎಲ್ಲ ಇದ್ದ ಗಣರಾಜ್ಯ. 1988ರ ಜನವರಿಯಲ್ಲಿ ಖೊಮೇನಿ ಇನ್ನೂ ಮುಂದೆ ಹೋಗಿ, ಇಸ್ಲಾಮಿ ಸರ್ಕಾರದ ಅಗತ್ಯವು ನಮಾಜು, ಉಪವಾಸ, ಹಜ್ ಯಾತ್ರೆಗಳಿಗಿಂತಲೂ ಮೊದಲು ಎಂದು ಬರೆದರು. ಆಧುನಿಕ ರಾಜ್ಯವೇ ಧರ್ಮಶಾಸ್ತ್ರದ ತಲೆಯ ಮೇಲೆ ಕೂತಿತ್ತು.

ಈ ಕಾಣ್ಕೆಗೂ ಮಿತಿಯಿದೆ. ಗ್ರಂಥವನ್ನು ಆಚಾರಕ್ಕಿಂತ ಮೇಲಿಟ್ಟವರು ಹಿಂದೆಯೂ ಇದ್ದರು. ಅಮೆರಿಕದ ಕ್ರೈಸ್ತರ ನಡುವೆ ಹುಟ್ಟಿದ ಪದವನ್ನು ಎಲ್ಲ ಧರ್ಮಗಳಿಗೂ ಅಂಟಿಸಬಹುದೇ ಎಂಬ ತಕರಾರೂ ನ್ಯಾಯವಾದದ್ದೇ. ಚಳವಳಿಯೊಂದು ಆಧುನಿಕವೆಂದ ಮಾತ್ರಕ್ಕೆ ಅದರ ಜನರ ಭಕ್ತಿ ಸುಳ್ಳಾಗುವುದೂ ಇಲ್ಲ.

ಆದರೆ ಪರಂಪರೆಯ ಹೆಸರಿನಲ್ಲಿ ಯಾರಾದರೂ ಕಟ್ಟಳೆ ತಂದಾಗ ಮೂರು ಪ್ರಶ್ನೆ ಕೇಳಿ. ಇದನ್ನು ನಮ್ಮ ಅಜ್ಜ ಅಜ್ಜಿ ಹೀಗೆಯೇ ಪಾಲಿಸುತ್ತಿದ್ದರೇ? ಎಂದಿನಿಂದ ಹೀಗಾಯಿತು? ಆಗ ಯಾವ ಸರಪಳಿ ಕಡಿದಿತ್ತು? ಅಜ್ಜನ ಬಟ್ಟಲು ಸಾಲದು ಎನ್ನುವವನು ಅಜ್ಜನ ಕಾಲಕ್ಕೆ ಮರಳುತ್ತಿಲ್ಲ.