ಜಗಳದ ನಂತರ ಬರೆಯುವ ರಿವ್ಯೂ

ವ್ಯವಹಾರದಲ್ಲಿ ಜಗಳವಾದ ಮೇಲೆ ಗ್ರಾಹಕರು ಬರೆಯುವ ರಿವ್ಯೂಗೆ ಎರಡು ಕಡೆಯಿಂದ ಕುತ್ತು ಬರಬಹುದು. ಗೂಗಲ್ ಮ್ಯಾಪ್ಸ್‌ನಂಥ ತಾಣ ತನ್ನ ನಿಯಮ ತೋರಿಸಿ ಅದನ್ನು ತೆಗೆದುಹಾಕಬಹುದು. ಅಂಗಡಿಯವರು ಮಾನಹಾನಿ ಎಂದು ವಕೀಲರ ನೋಟಿಸ್ ಕಳಿಸಬಹುದು. ನಡೆದದ್ದನ್ನು ಹೇಳುವುದು ಬಿಟ್ಟು ಎದುರಿನವರು ಎಂಥವರು ಎಂದು ತೀರ್ಪು ಕೊಡಲು ಹೊರಟಾಗಲೇ ಬಹುತೇಕ ಇವೆರಡೂ ಶುರುವಾಗುತ್ತವೆ.

ಸ್ಕೂಟರ್ ಸರ್ವೀಸ್‌ಗೆ ಬಿಟ್ಟ ಒಬ್ಬ ಗ್ರಾಹಕರನ್ನು ಊಹಿಸಿಕೊಳ್ಳಬಹುದು. ಗ್ಯಾರೇಜಿನವರು ವಾಟ್ಸಾಪ್‌ನಲ್ಲಿ 3,200 ರೂಪಾಯಿ ಅಂದಾಜು ಕಳಿಸಿ, ಕೊನೆಗೆ 5,850ರ ಬಿಲ್ ಕೊಟ್ಟರು. ಬದಲಿಸಿದ್ದೇವೆ ಎಂದ ಬ್ರೇಕ್ ಶೂ ತೋರಿಸಿ ಎಂದರೆ ಹಳೆಯದನ್ನು ಎಸೆದಾಯಿತು ಎಂದರು. ಸಿಟ್ಟಿನಲ್ಲಿ ಬರುವ ಮೊದಲ ಸಾಲು ಹೀಗಿರುತ್ತದೆ: “ಇವರು ಕಳ್ಳರು, ಎಲ್ಲರಿಗೂ ಮೋಸ ಮಾಡುತ್ತಾರೆ, ನಕಲಿ ಪಾರ್ಟ್ಸ್ ಹಾಕುತ್ತಾರೆ.” ಇಲ್ಲಿ ಮೂರು ಆರೋಪಗಳಿವೆ, ಒಂದಕ್ಕೂ ಗ್ರಾಹಕರ ಕೈಯಲ್ಲಿ ಪುರಾವೆ ಇಲ್ಲ. ಅದೇ ಅನುಭವವನ್ನು ಹೀಗೂ ಬರೆಯಬಹುದು: “ಅಂದಾಜು 3,200 ಹೇಳಿದ್ದರು, ಬಿಲ್ 5,850 ಬಂತು. ಹೆಚ್ಚುವರಿ ಕೆಲಸಕ್ಕೆ ಮೊದಲು ನನ್ನನ್ನು ಕೇಳಲಿಲ್ಲ. ಹಳೆಯ ಬ್ರೇಕ್ ಶೂ ಕೇಳಿದೆ, ಕೊಡಲಿಲ್ಲ. ನಾನು ಮತ್ತೆ ಇಲ್ಲಿಗೆ ಹೋಗುವುದಿಲ್ಲ.” ಮೊದಲ ಮೂರು ವಾಕ್ಯ ಸಂಗತಿ, ಕೊನೆಯದು ಅಭಿಪ್ರಾಯ. ಓದುವವರನ್ನು ಎಚ್ಚರಿಸಲು ಇಷ್ಟು ಸಾಕು. ಬೈಗುಳಕ್ಕಿಂತ ಇದೇ ಗಟ್ಟಿ.

ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಮಾನಹಾನಿಗೆ ಎರಡು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಸಮುದಾಯ ಸೇವೆಯ ಶಿಕ್ಷೆಯಿದೆ. ಹೇಳಿದ್ದು ನಿಜ ಎಂಬುದಷ್ಟೇ ಕ್ರಿಮಿನಲ್ ಪ್ರಕರಣದಲ್ಲಿ ಸಾಲದು, ಅದು ಸಾರ್ವಜನಿಕರ ಹಿತಕ್ಕಾಗಿಯೂ ಇರಬೇಕು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಸದ್ಭಾವನೆಯಿಂದ ಇತರರನ್ನು ಎಚ್ಚರಿಸುವುದಕ್ಕೂ ಕಾನೂನು ವಿನಾಯಿತಿ ಕೊಟ್ಟಿದೆ. ಆದರೆ ಸದ್ಭಾವನೆ ಎಂದರೆ ಕಾನೂನಿನ ಲೆಕ್ಕದಲ್ಲಿ ತಕ್ಕ ಎಚ್ಚರಿಕೆ ಮತ್ತು ಗಮನ. ಬಿಲ್, ವಾಟ್ಸಾಪ್ ಸಂದೇಶ, ಪಾವತಿಯ ದಾಖಲೆ ಇಟ್ಟುಕೊಂಡು ಅವುಗಳಿಗೆ ತಾಳೆ ನೋಡಿ ಬರೆದವರಿಗೆ ಅದನ್ನು ತೋರಿಸುವುದು ಸುಲಭ.

ಗೂಗಲ್ ನೋಡುವುದು ಬೇರೆಯದನ್ನು. ಬೈಗುಳ, ಮೆಕ್ಯಾನಿಕ್‌ನ ಫೋನ್ ನಂಬರಿನಂಥ ಖಾಸಗಿ ವಿವರ, ಸ್ವಂತ ಅನುಭವವಿಲ್ಲದ ಮಾತು ಇದ್ದರೆ ಮಾಲೀಕರ ಒಂದು ದೂರಿಗೆ ರಿವ್ಯೂ ಹೋಗಬಹುದು. ಗೆಳೆಯರಿಂದಲೂ ಒಂದು ಸ್ಟಾರ್ ಕೊಡಿಸಿದರೆ ಅದು ನಕಲಿ ರಿವ್ಯೂ ಎನಿಸಿಕೊಂಡು, ನಿಜವಾದದ್ದರ ಮೇಲೂ ಅನುಮಾನ ಬರುತ್ತದೆ. ಬಿಲ್ಲಿನ ಫೋಟೋ ಹಾಕುವುದಾದರೆ ಹೆಸರು, ನಂಬರ್ ಮುಚ್ಚಿ ಹಾಕಬೇಕು.

“ದುಡ್ಡು ವಾಪಸ್ ಕೊಡದಿದ್ದರೆ ರಿವ್ಯೂ ಹಾಕುತ್ತೇನೆ” ಎಂಬ ಸಂದೇಶ ಕಳಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಹೆಸರು ಕೆಡಿಸುವ ಬೆದರಿಕೆಯಿಂದ ಹಣ ಕೇಳಿದರು ಎಂದು ಗ್ಯಾರೇಜಿನವರೇ ಸುಲಿಗೆಯ ದೂರು ಕೊಡಲು ಅದು ದಾರಿ ಮಾಡುತ್ತದೆ. ರಾಜಿಯಾಗಿ ಹಣ ಬಂದರೆ ರಿವ್ಯೂನಲ್ಲಿ ಅದನ್ನೂ ಸೇರಿಸುವುದು ನ್ಯಾಯ. ರಾಜಿಪತ್ರದಲ್ಲಿ ಏನೂ ಬರೆಯಕೂಡದೆಂಬ ಷರತ್ತು ಇದೆಯೇ ಎಂದು ಸಹಿಗೆ ಮೊದಲೇ ನೋಡಬೇಕು.

ನೋಟಿಸ್ ಬಂದರೆ ಗಾಬರಿಯಲ್ಲಿ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟು ವಕೀಲರಿಗೆ ತೋರಿಸಬೇಕು. ಹಣ ವಾಪಸ್ ಪಡೆಯುವ ದಾರಿ ರಿವ್ಯೂ ಅಲ್ಲ. ಅದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ.